ಅವ್ವನ ಮಾತ್ರೆ ಹಾಳೆ

ಹಾಸನದ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಅವ್ವ ಒಂದು ಶುಕ್ರವಾರ ಮಧ್ಯಾಹ್ನ ಬಿಡುಗಡೆಯಾದರು. ಎಂಬತ್ತೊಂದು ವರ್ಷದ, ನಲವತ್ತೆಂಟು ಕಿಲೋ ತೂಕದ ಅವರಿಗೆ ಹೃದಯದ ಬಡಿತ ಏರುಪೇರಾಗಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಿಡುಗಡೆಯ ವೇಳೆ ಕೈಗೆ ಬಂದದ್ದು ನಾಲ್ಕು ಪುಟದ ಇಂಗ್ಲಿಷ್ ಡಿಸ್ಚಾರ್ಜ್ ಸಮ್ಮರಿ, ಒಂದು ಚೀಲ ಔಷಧ ಮತ್ತು ಮೆಡಿಕಲ್ ಶಾಪಿನ ಬಿಲ್ಲು. ನಾಲ್ಕು ವಾರ ಬಿಟ್ಟು, ಶುಕ್ರವಾರವೇ, ಮತ್ತೆ ತೋರಿಸಬೇಕೆಂದು ಕೊನೆಯ ಪುಟದಲ್ಲಿತ್ತು.

ಅವ್ವ ಬೇಲೂರು ದಾಟಿ ಬಿಕ್ಕೋಡಿನ ಕಡೆಯ ಊರಿನಲ್ಲಿ ತಮ್ಮನ ಮನೆಯಲ್ಲಿದ್ದಾರೆ. ತಮ್ಮನೂ ಅವನ ಹೆಂಡತಿಯೂ ಬೆಳಿಗ್ಗೆಯೇ ತೋಟಕ್ಕೆ ಹೋಗುವವರಾದ್ದರಿಂದ ಮಾತ್ರೆಯನ್ನು ಅವ್ವ ತಾವೇ ನೋಡಿ ತೆಗೆದುಕೊಳ್ಳಬೇಕು. ನಾಲ್ಕನೆಯ ಕ್ಲಾಸಿನವರೆಗೆ ಓದಿದ ಅವರು ಕನ್ನಡಕ ಹಾಕಿಕೊಂಡು, ಅಕ್ಷರ ದೊಡ್ಡದಿದ್ದರೆ, ನಿಧಾನವಾಗಿ ಓದಬಲ್ಲರು. ಹಾಗಾಗಿ ಆ ರಾತ್ರಿ ಊರಿನಲ್ಲೇ ಉಳಿದು ಸಮ್ಮರಿಯನ್ನು ಕನ್ನಡಕ್ಕೆ ಮಾಡಿಡಲು ಕುಳಿತೆ. ಕಾಯಿಲೆಯ ವಿವರ, ಪರೀಕ್ಷೆಗಳ ಫಲಿತಾಂಶ, ಆಸ್ಪತ್ರೆಯಲ್ಲಿ ಕೊಟ್ಟ ಚಿಕಿತ್ಸೆ, ಇವೆಲ್ಲ ಮೊದಲ ಮೂರು ಪುಟಗಳಲ್ಲಿದ್ದವು. ಅದನ್ನು ಐದಾರು ವಾಕ್ಯಗಳಲ್ಲಿ ಮುಗಿಸಿದೆ. ಕಷ್ಟವಿದ್ದದ್ದು ಕೊನೆಯ ಪುಟದ ಅರ್ಧ ಗೇಣು ಉದ್ದದ ಔಷಧಿ ಪಟ್ಟಿಯಲ್ಲಿ.

ಪಟ್ಟಿಯಲ್ಲಿ ಪ್ರತಿ ಔಷಧಿಯ ಮುಂದೆ 1-0-1 ಎಂಬಂತಹ ಮೂರು ಅಂಕಿಗಳಿದ್ದವು. ಮೊದಲನೆಯದು ಬೆಳಿಗ್ಗೆ, ನಡುವಿನದು ಮಧ್ಯಾಹ್ನ, ಕೊನೆಯದು ರಾತ್ರಿ, ಸೊನ್ನೆ ಇದ್ದರೆ ಆ ಹೊತ್ತಿಗೆ ಇಲ್ಲ ಎಂಬುದು ನಮ್ಮ ಕಡೆ ಈಗ ಬಹುತೇಕ ಎಲ್ಲರಿಗೂ ಗೊತ್ತಿದೆ. ಅದನ್ನೇ ನಂಬಿ ಸರಸರನೆ ಬರೆಯುತ್ತಾ ಹೋದೆ. ಎರಡು ಸಾಲುಗಳು ಹೀಗಿದ್ದವು: ಪೊಟ್ಯಾಸಿಯಂ ಕ್ಲೋರೈಡ್ ಸಿರಪ್, 15 ಮಿ.ಲೀ., 1-0-1, ಐದು ದಿನ. ಅದರ ಕೆಳಗೆ ಡಿಗಾಕ್ಸಿನ್ 0.25 ಮಿ.ಗ್ರಾಂ., ½-0-0, 5/7. ಸಿರಪ್ಪಿನ ಸಾಲಿನಲ್ಲಿ ದಿನ ಎಂಬ ಪದ ಇಂಗ್ಲಿಷಿನಲ್ಲಿ ಪೂರ್ತಿಯಾಗಿತ್ತು. ಡಿಗಾಕ್ಸಿನ್ ಸಾಲಿನಲ್ಲಿ ಬರೀ 5/7. ನಾನು ಎರಡಕ್ಕೂ ‘5 ದಿನ’ ಎಂದು ಬರೆದು ಮುಂದೆ ಹೋದೆ.

ನಿಲ್ಲಿಸಿದ್ದು ಬಿಲ್ಲು. ಯಾವ ಸ್ಟ್ರಿಪ್ ಯಾವ ಔಷಧ ಎಂದು ಗುರುತು ಹಾಕಲು ಬಿಲ್ಲನ್ನು ಪಕ್ಕದಲ್ಲಿಟ್ಟುಕೊಂಡಾಗ ಎಲ್ಲ ಮಾತ್ರೆಗಳನ್ನೂ ನಾಲ್ಕು ವಾರಕ್ಕೆ ಲೆಕ್ಕ ಹಾಕಿ ಕೊಟ್ಟಿರುವುದು ಕಂಡಿತು. ದಿನಕ್ಕೆ ಎರಡು ಎಂದಿದ್ದ ಮಾತ್ರೆಗಳಿಗೆ ಇಪ್ಪತ್ತೆಂಟು ದಿನಕ್ಕೆ ಐವತ್ತಾರು ಬೇಕು. ಸ್ಟ್ರಿಪ್ ಒಡೆಯದೆ ಅರವತ್ತು ಕೊಟ್ಟಿದ್ದರು. ಡಿಗಾಕ್ಸಿನ್ ಹತ್ತು ಇತ್ತು. ಐದೇ ದಿನಕ್ಕಾದರೆ ಅರ್ಧರ್ಧದಂತೆ ಎರಡೂವರೆ ಮಾತ್ರೆ ಸಾಕು. ಪ್ರತಿದಿನ ಅರ್ಧ ಎಂದಾದರೆ ನಾಲ್ಕು ವಾರಕ್ಕೆ ಹದಿನಾಲ್ಕು ಬೇಕು, ಹತ್ತು ಸಾಲದು. ವಾರದಲ್ಲಿ ಐದು ದಿನದಂತೆ ನಾಲ್ಕು ವಾರಕ್ಕೆ ಇಪ್ಪತ್ತು ಅರ್ಧಗಳು, ಅಂದರೆ ಸರಿಯಾಗಿ ಹತ್ತು ಮಾತ್ರೆ. 5/7 ಎಂದರೆ ಏಳರಲ್ಲಿ ಐದು ಇರಬಹುದೇ ಎಂಬ ಅನುಮಾನ ಆಗ ಹುಟ್ಟಿತು. ಆದರೆ ಮೆಡಿಕಲ್ ಶಾಪಿನವರು ಹತ್ತರ ಸ್ಟ್ರಿಪ್ಪನ್ನು ಕತ್ತರಿಸುವ ಗೊಡವೆ ಏಕೆಂದು ಇಡಿಯಾಗಿ ಕೊಟ್ಟಿರುವ ಸಾಧ್ಯತೆಯೂ ಇತ್ತು. ಲೆಕ್ಕ ಕೂಡಿ ಬಂದದ್ದನ್ನೇ ಆಧಾರವಾಗಿಟ್ಟುಕೊಂಡು ಹೃದಯದ ಮಾತ್ರೆ ಕೊಡುವ ಧೈರ್ಯ ನನಗಿರಲಿಲ್ಲ.

ಬೆಳಗಾದರೆ ಶನಿವಾರ, ಅವ್ವನಿಗೆ ಮನೆಯಲ್ಲಿ ಮೊದಲ ಬೆಳಗಿನ ಮಾತ್ರೆ. ರಾತ್ರಿ ಒಂಬತ್ತರ ಹೊತ್ತಿಗೆ ಸಮ್ಮರಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ವಾರ್ಡಿಗೆ ಕೊಡಿಸಿಕೊಂಡೆ. ರೋಗಿಯ ನಂಬರ್ ಹೇಳಿ, ‘ಸಿಸ್ಟರ್, ಡಿಗಾಕ್ಸಿನ್ ಐದು ದಿನ ಅಲ್ಲವೇ?’ ಎಂದು ಕೇಳಿದೆ. ಅವರು ಕಂಪ್ಯೂಟರಿನಲ್ಲಿ ನೋಡಿ, ‘ಹೌದು ಮೇಡಂ, ಐದು ದಿನ’ ಎಂದರು. ಫೋನ್ ಇಡುವುದರಲ್ಲಿದ್ದೆ. ನಾನು ಕೇಳಿದ ಪ್ರಶ್ನೆಗೆ ಎರಡು ಅರ್ಥದಲ್ಲೂ ಉತ್ತರ ‘ಹೌದು’ ಎಂದೇ ಬರುತ್ತದೆಂಬುದು ಅಷ್ಟರಲ್ಲಿ ಹೊಳೆಯಿತು. ಆಮೇಲೆ ಬೇರೆ ರೀತಿ ಕೇಳಿದೆ: ‘ನಾಳೆ ಶನಿವಾರ ಬೆಳಿಗ್ಗೆ ಈ ಮಾತ್ರೆ ಕೊಡಬೇಕೋ ಬೇಡವೋ? ಮುಂದಿನ ಗುರುವಾರ ಕೊಡಬೇಕೋ ಬೇಡವೋ?’ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಡ್ಯೂಟಿ ಡಾಕ್ಟರನ್ನು ಕೇಳಿ ಹೇಳುತ್ತೇನೆಂದು ನಂಬರ್ ಬರೆದುಕೊಂಡು, ಇಪ್ಪತ್ತು ನಿಮಿಷದ ನಂತರ ಅವರೇ ಫೋನ್ ಮಾಡಿದರು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಅರ್ಧ ಮಾತ್ರೆ, ಶನಿವಾರ ಮತ್ತು ಭಾನುವಾರ ಇಲ್ಲ, ಮತ್ತೆ ತೋರಿಸುವವರೆಗೂ ಹೀಗೆಯೇ. ಶುಕ್ರವಾರ ಬೆಳಗಿನದನ್ನು ಆಸ್ಪತ್ರೆಯಲ್ಲೇ ಕೊಟ್ಟಾಗಿತ್ತು. ನನ್ನ ಮೊದಲ ಹಾಳೆಯ ಪ್ರಕಾರ ನಡೆದಿದ್ದರೆ ಅವ್ವ ಬಿಡಬೇಕಾದ ಎರಡು ದಿನ ಮಾತ್ರೆ ತೆಗೆದುಕೊಂಡು, ಬುಧವಾರದ ನಂತರ ನಿಲ್ಲಿಸಿಬಿಡುತ್ತಿದ್ದರು.

ಈ ಬರವಣಿಗೆಯ ಹಿನ್ನೆಲೆಯನ್ನು ಆಮೇಲೆ ಹಾಸನದಲ್ಲಿ ಪರಿಚಯದ ಔಷಧಿ ಅಂಗಡಿಯವರೊಬ್ಬರು ಹೇಳಿದರು. ಬ್ರಿಟಿಷ್ ವೈದ್ಯರ ರೂಢಿಯಲ್ಲಿ 5/7 ಎಂದರೆ ಐದು ದಿನ, 2/52 ಎಂದರೆ ಎರಡು ವಾರ, 3/12 ಎಂದರೆ ಮೂರು ತಿಂಗಳು. ಆ ಅರ್ಥದಲ್ಲಿ ನಾನು ಮೊದಲು ಬರೆದದ್ದು ತಪ್ಪೇನಲ್ಲ. ಆದರೆ ನಮ್ಮಲ್ಲಿ ಡಿಗಾಕ್ಸಿನ್ ಬರೆಯುವಾಗ ಅನೇಕ ವೈದ್ಯರು ವಾರದಲ್ಲಿ ಐದು ದಿನ ಎಂಬ ಅರ್ಥಕ್ಕೆ ಇದೇ ಗುರುತನ್ನು ಬಳಸುತ್ತಾರೆ. ಈ ಔಷಧ ಮುಖ್ಯವಾಗಿ ಮೂತ್ರಪಿಂಡದ ಮೂಲಕ ಹೊರಹೋಗುವಂಥದ್ದು, ವಯಸ್ಸಾದವರಲ್ಲಿ ಅದು ನಿಧಾನವಾಗಿ ಮೈಯಲ್ಲಿ ಉಳಿದು ಹೆಚ್ಚಾಗಬಹುದು ಎಂಬ ಕಾರಣಕ್ಕೆ ಎರಡು ದಿನದ ಬಿಡುವು ಕೊಡುವ ಪದ್ಧತಿ ಬಂದಿದೆ. ಹೀಗೆ ಒಂದೇ ಗುರುತಿಗೆ ಎರಡು ಅರ್ಥವಿದ್ದಾಗ ನಿಘಂಟು ನೋಡಿ ಪ್ರಯೋಜನವಿಲ್ಲ, ಬರೆದವರನ್ನೇ ಕೇಳಬೇಕು.

ಸಿರಪ್ಪಿನ ಐದು ದಿನ ನಿಜವಾಗಿಯೂ ಐದೇ ದಿನ. ಆದರೆ ಅಲ್ಲಿಯೂ ಎಣಿಕೆಯ ತೊಡಕಿತ್ತು. ಮೊದಲ ಬಾರಿ ಕುಡಿದದ್ದು ಶುಕ್ರವಾರ ರಾತ್ರಿ. ಶುಕ್ರವಾರವನ್ನು ಒಂದು ದಿನವೆಂದು ಎಣಿಸಿದರೆ ಮಂಗಳವಾರ ರಾತ್ರಿಗೆ ಮುಗಿಯುತ್ತದೆ, ಒಂದು ಸಲ ಕಡಿಮೆಯಾಗುತ್ತದೆ. ಆದ್ದರಿಂದ ದಿನದ ಮಾತನ್ನೇ ಬಿಟ್ಟು ಹತ್ತು ಚೌಕಗಳನ್ನು ಎಳೆದು, ಕುಡಿದ ಮೇಲೆ ಒಂದೊಂದಕ್ಕೆ ಗೀಟು ಹಾಕಲು ಹೇಳಿದೆ. ಹತ್ತನೆಯದು ಬುಧವಾರ ಬೆಳಿಗ್ಗೆ ಬಂತು. ಅಳತೆಗೆ ಅಡುಗೆಮನೆಯ ಚಮಚ ಬೇಡವೆಂದು ಬಾಟಲಿಯ ಜೊತೆ ಬಂದ ಮುಚ್ಚಳವನ್ನೇ ಇಟ್ಟುಕೊಂಡೆವು. ಅದರಲ್ಲಿ 10ರವರೆಗೆ ಮಾತ್ರ ಗೆರೆಗಳಿದ್ದವು, ಆದ್ದರಿಂದ ಹಾಳೆಯಲ್ಲಿ 15 ಮಿ.ಲೀ. ಎಂದು ಬರೆಯದೆ ‘ಒಂದು ಸಲ 10ರ ಗೆರೆಯವರೆಗೆ, ಇನ್ನೊಂದು ಸಲ 5ರ ಗೆರೆಯವರೆಗೆ, ಎರಡನ್ನೂ ಒಂದು ಲೋಟ ನೀರಿಗೆ ಬೆರೆಸಿ, ಹೊಟ್ಟೆಗೆ ಏನಾದರೂ ಹಾಕಿಕೊಂಡ ಮೇಲೆ ಕುಡಿಯುವುದು’ ಎಂದು ಬರೆದೆ. ನೀರು ಬೆರೆಸದೆ ಕುಡಿದರೆ ಹೊಟ್ಟೆ ಉರಿಯುತ್ತದೆ. ಕೊನೆಯಲ್ಲಿ ‘ಬಾಟಲಿಯಲ್ಲಿ ಉಳಿದಿದ್ದರೂ ನಿಲ್ಲಿಸುವುದು’ ಎಂದೂ ಸೇರಿಸಿದೆ. ದುಡ್ಡು ಕೊಟ್ಟು ತಂದ ಟಾನಿಕ್ಕನ್ನು ಚೆಲ್ಲುವ ಜಾಯಮಾನ ನಮ್ಮ ಮನೆಯವರದಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದರೆ ಎಷ್ಟು ತೊಂದರೆಯೋ ಹೆಚ್ಚಾದರೂ ಹೃದಯಕ್ಕೆ ಅಷ್ಟೇ ತೊಂದರೆ.

ಬೆಳಿಗ್ಗೆ ಹಾಳೆಯನ್ನು ಅವ್ವನ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದೆ. ಅರ್ಥವಾಯಿತೇ ಎಂದು ಕೇಳಿದರೆ ಆಯಿತು ಎನ್ನುತ್ತಾರೆ, ಆದ್ದರಿಂದ ಯಾವ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಅವರ ಬಾಯಿಂದಲೇ ಹೇಳಿಸುವ ಯೋಚನೆ ನನ್ನದಾಗಿತ್ತು. ಡಿಗಾಕ್ಸಿನ್ ಎದುರು ನಾನು ‘ಕಾಲು ಮಿಲಿಗ್ರಾಂ ಮಾತ್ರೆ, ಅರ್ಧ’ ಎಂದು ಬರೆದಿದ್ದೆ. 0.25ಕ್ಕೆ ಕನ್ನಡದಲ್ಲಿ ಅದಕ್ಕಿಂತ ಚೆನ್ನಾದ ಪದವಿಲ್ಲವೆಂದು ಒಳಗೊಳಗೇ ಹೆಮ್ಮೆಯೂ ಇತ್ತು. ಅವ್ವ ಬೆರಳಿಟ್ಟು ಓದಿ, ‘ಇದು ಕಾಲಿನ ಮಾತ್ರೆ. ಕಾಲಿನ ಊತ ಇಳಿದೈತಲ್ಲ, ಇನ್ನು ಯಾಕವ್ವ?’ ಎಂದರು. ತಮ್ಮನ ಹೆಂಡತಿ ಇಣುಕಿ ನೋಡಿ, ‘ಅಲ್ಲತ್ತೆ, ಕಾಲು ಮಾತ್ರೆ, ಅರ್ಧದಲ್ಲೂ ಅರ್ಧ’ ಎಂದಳು. ಒಂದು ಪದಕ್ಕೆ ಇಬ್ಬರು ಎರಡು ಅರ್ಥ ಮಾಡಿಕೊಂಡರು, ಎರಡೂ ತಪ್ಪು. ಅವ್ವನ ಹಾಳೆಯಿಂದ ಮಿಲಿಗ್ರಾಂಗಳನ್ನು ಪೂರ್ತಿ ತೆಗೆದುಹಾಕಿದೆ. ಎಷ್ಟು ಮಾತ್ರೆ ಎಂಬುದಷ್ಟೇ ಅವರಿಗೆ ಬೇಕಾದದ್ದು. ಮಿಲಿಗ್ರಾಂ ಬೇಕಾದದ್ದು ಹೊಸ ಸ್ಟ್ರಿಪ್ ತರುವ ತಮ್ಮನಿಗೆ. ಅವನಿಗೆ ಬೇರೆ ಹಾಳೆ ಮಾಡಿ, ಸ್ಟ್ರಿಪ್ಪಿನ ಮೇಲಿನ ಅಂಕಿ 0.25 ಎಂದೇ ಇರಬೇಕು, ಬೇರೆ ಶಕ್ತಿಯ ಮಾತ್ರೆ ಕೊಟ್ಟರೆ ಕೇಳದೆ ತರಬಾರದು ಎಂದು ಬರೆದೆ. ಅವ್ವನ ಹಾಳೆಯಲ್ಲಿ ಒಂದು ದುಂಡು ಬರೆದು, ನಡುವೆ ಗೆರೆ ಎಳೆದು, ಒಂದು ಭಾಗಕ್ಕೆ ಪೆನ್ಸಿಲಿನಿಂದ ಬಣ್ಣ ತುಂಬಿದೆ. ಅದನ್ನು ಯಾರೂ ತಪ್ಪಾಗಿ ಓದಲಿಲ್ಲ.

ನಂತರ ಬಂದದ್ದು ಅಪಿಕ್ಸಾಬಾನ್. ರಕ್ತ ತೆಳು ಮಾಡುವ ಮಾತ್ರೆ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದುದರಿಂದ ನಾನೂ ಹಾಗೆಯೇ ಬರೆದಿದ್ದೆ. ಅವ್ವ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ‘ನಂಗೇ ರಕ್ತ ಕಮ್ಮಿ ಅಂತ ಹೋದ ವರ್ಷ ಡಾಕ್ಟ್ರು ಟಾನಿಕ್ ಬರ್ದಿದ್ರು. ಇರೋದ್ನೂ ತೆಳ್ಳಗೆ ಮಾಡಿದ್ರೆ ಮೈಯಾಗೆ ಏನು ಉಳಿತದೆ?’ ಅವರ ಮಾತಿನಲ್ಲಿ ತರ್ಕವಿತ್ತು. ಮಜ್ಜಿಗೆ ತೆಳುವಾಗುವುದು ನೀರು ಹೆಚ್ಚಾದಾಗ, ಸತ್ವ ಕಡಿಮೆಯಾದಾಗ. ಈ ಮಾತ್ರೆ ಅಂಥದ್ದೇನೂ ಮಾಡುವುದಿಲ್ಲ. ಬಡಿತ ಏರುಪೇರಾದ ಹೃದಯದಲ್ಲಿ ರಕ್ತ ನಿಂತು ಗಂಟು ಕಟ್ಟಿ, ಆ ಗಂಟು ಮೆದುಳಿಗೆ ಹೋಗಿ ಲಕ್ವ ಹೊಡೆಯದಂತೆ ತಡೆಯುತ್ತದೆ. ‘ರಕ್ತ ಗಂಟು ಕಟ್ಟದ ಹಾಗೆ, ಲಕ್ವ ಬರದ ಹಾಗೆ’ ಎಂದು ತಿದ್ದಿದೆ. ಲಕ್ವ ಎಂಬ ಪದ ಕೇಳಿದ ಮೇಲೆ ಆ ಮಾತ್ರೆಯ ಬಗ್ಗೆ ಅವ್ವ ಮತ್ತೆ ತಕರಾರು ತೆಗೆಯಲಿಲ್ಲ. ನಮ್ಮ ದೊಡ್ಡಪ್ಪ ಆರು ವರ್ಷ ಹಾಸಿಗೆಯಲ್ಲಿದ್ದುದನ್ನು ನೋಡಿದವರು ಅವರು.

ಆ ಮಾತ್ರೆ 1-0-1. ಎರಡರ ನಡುವೆ ಸುಮಾರು ಹನ್ನೆರಡು ಗಂಟೆ ಇರಬೇಕು. ನಾನು ‘ರಾತ್ರಿ ಊಟದ ನಂತರ’ ಎಂದು ಬರೆದಿದ್ದೆ. ಅಂದು ಶನಿವಾರವಾದ್ದರಿಂದಲೇ ತಪ್ಪು ಕೂಡಲೇ ಗೊತ್ತಾಯಿತು. ‘ಇವತ್ತು ರಾತ್ರಿ ಇಲ್ಲ’ ಎಂದರು ಅವ್ವ. ಏಕೆಂದು ಕೇಳಿದರೆ, ಶನಿವಾರ ತಮಗೆ ಒಪ್ಪತ್ತು, ರಾತ್ರಿ ಉಪ್ಪಿಟ್ಟು ತಿನ್ನುವುದು, ಊಟವಿಲ್ಲ. ಊಟವಿಲ್ಲದ ಮೇಲೆ ಊಟದ ನಂತರದ ಮಾತ್ರೆಯೂ ಇಲ್ಲ. ಊಟವೆಂದರೆ ನಮ್ಮಲ್ಲಿ ಮುದ್ದೆ ಅಥವಾ ಅನ್ನ. ರೊಟ್ಟಿಯಾಗಲಿ ಉಪ್ಪಿಟ್ಟಾಗಲಿ ಎಷ್ಟೇ ತಿಂದರೂ ಅದು ತಿಂಡಿ. ಇಂಗ್ಲಿಷಿನಲ್ಲಿದ್ದ ಆಹಾರ ಎಂಬ ಅರ್ಥದ ಪದವನ್ನು ನಾನು ಯೋಚಿಸದೆ ಊಟ ಮಾಡಿದ್ದೆ. ಹೊಟ್ಟೆ ಉರಿಗೆ ಕೊಟ್ಟಿದ್ದ ಪ್ಯಾಂಟೊಪ್ರಜೋಲಿನಲ್ಲೂ ಇದೇ ತಪ್ಪಾಗಿತ್ತು. ‘ಊಟಕ್ಕೆ ಮುಂಚೆ’ ಎಂದಿದ್ದುದನ್ನು ಅವ್ವ ಮಧ್ಯಾಹ್ನ ಒಂದೂವರೆಗೆ, ಮುದ್ದೆಗೆ ಮುಂಚೆ, ಎಂದು ಇಟ್ಟುಕೊಂಡಿದ್ದರು. ಅದನ್ನು ‘ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೆ, ನೀರಿನಲ್ಲಿ, ಅರ್ಧ ಗಂಟೆ ಕಳೆದ ಮೇಲೆ ಕಾಫಿ, ರೊಟ್ಟಿ’ ಎಂದು ಬದಲಿಸಿದೆ. ಅಪಿಕ್ಸಾಬಾನನ್ನು ಹೊಟ್ಟೆ ತುಂಬಿದ್ದಾಗಲೂ ಖಾಲಿ ಇದ್ದಾಗಲೂ ತೆಗೆದುಕೊಳ್ಳಬಹುದೆಂದು ಔಷಧಿ ಅಂಗಡಿಯವರು ಹೇಳಿದ್ದರಿಂದ ಊಟದ ಮಾತನ್ನೇ ತೆಗೆದು, ಬೆಳಿಗ್ಗೆ ಎಂಟು, ರಾತ್ರಿ ಎಂಟು, ಒಪ್ಪತ್ತಿನ ದಿನವೂ ಸೇರಿ, ಎಂದು ಬರೆದೆ. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದ ಕೂಡಲೆ ತೆಗೆದುಕೊಳ್ಳುವುದು, ಎರಡನ್ನು ಒಟ್ಟಿಗೆ ನುಂಗಬಾರದು ಎಂಬುದನ್ನೂ ಅವರನ್ನು ಕೇಳಿಯೇ ಸೇರಿಸಿದೆ.

ನೀರು ಇಳಿಸುವ ಫ್ಯೂರೊಸೆಮೈಡ್ 1-1-0 ಇತ್ತು. ಇದರಲ್ಲಿ ಅನುವಾದದ ಸಮಸ್ಯೆಯೇನೂ ಇರಲಿಲ್ಲ. ಮಧ್ಯಾಹ್ನದ್ದನ್ನು ಮರೆತೆನೆಂದು ರಾತ್ರಿ ತೆಗೆದುಕೊಂಡರೆ ನಡುರಾತ್ರಿ ಮೂರು ಸಲ ಏಳಬೇಕಾಗುತ್ತದೆ, ಕತ್ತಲಲ್ಲಿ ಬಚ್ಚಲ ಮನೆಯ ಮೆಟ್ಟಿಲಿದೆ ಎಂದಷ್ಟೇ ಹೇಳಿದೆ.

ಪ್ಯಾರಾಸಿಟಮಾಲ್ ಎದುರು ಎಸ್‌ಒಎಸ್ ಎಂದಿತ್ತು. ಅದಕ್ಕೆ ಎಲ್ಲರೂ ‘ಬೇಕಾದಾಗ’ ಎಂದು ಬರೆಯುತ್ತಾರೆ. ಬೇಕಾದಾಗ ಎಂದರೆ ಮನಸ್ಸಾದಾಗ ಎಂದೂ ಆಗುತ್ತದೆ. ‘ಜ್ವರ ಅಥವಾ ಮೈಕೈ ನೋವು ಬಂದರೆ ಮಾತ್ರ ಒಂದು, ಮತ್ತೊಂದು ಬೇಕಾದರೆ ಆರು ಗಂಟೆ ಕಳೆದ ಮೇಲೆ, ದಿನಕ್ಕೆ ಮೂರಕ್ಕಿಂತ ಹೆಚ್ಚಿಲ್ಲ’ ಎಂದು, ಸೋಮವಾರ ವೈದ್ಯರನ್ನು ಫೋನಿನಲ್ಲಿ ಕೇಳಿ, ಬರೆದೆ. ಅಂಗಡಿಯಲ್ಲಿ ಸಿಗುವ ಬೇರೆ ನೋವಿನ ಮಾತ್ರೆಗಳನ್ನು ಮುಟ್ಟಲೇಬಾರದೆಂದು ಅವರೇ ಒತ್ತಿ ಹೇಳಿದರು. ರಕ್ತ ಗಂಟು ಕಟ್ಟದಂತೆ ತಡೆಯುವ ಮಾತ್ರೆಯ ಜೊತೆ ಅವು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಹುದು, ಮೈಯಲ್ಲಿ ನೀರನ್ನೂ ನಿಲ್ಲಿಸುತ್ತವೆ. ಸೊಂಟ ನೋವಿಗೆಂದು ಅವ್ವನ ಸೀರೆ ಪೆಟ್ಟಿಗೆಯಲ್ಲಿದ್ದ ಅಂಥ ಅರ್ಧ ಸ್ಟ್ರಿಪ್ಪು ಆ ಸಂಜೆಯೇ ಹೊರಬಂತು. ಬಿ.ಪಿ.ಯ ಹಳೆಯ ಮಾತ್ರೆಯೂ ಅದರ ಜೊತೆಗೇ ತಮ್ಮನ ಕಪಾಟಿಗೆ ಹೋಯಿತು. ಮತ್ತೆ ತೋರಿಸುವವರೆಗೆ ಅದನ್ನು ತಡೆಹಿಡಿಯಬೇಕೆಂದು ಸಮ್ಮರಿಯಲ್ಲಿತ್ತು.

ಎಚ್ಚರಿಕೆಯ ಲಕ್ಷಣಗಳ ಸಾಲು ಕೊನೆಯದು. ಡಿಗಾಕ್ಸಿನ್ ಹೆಚ್ಚಾದರೆ ವಾಕರಿಕೆ, ಹಸಿವಿಲ್ಲದಿರುವುದು, ದೃಷ್ಟಿಯಲ್ಲಿ ವ್ಯತ್ಯಾಸ ಕಾಣಬಹುದು. ಪೊರೆ ಬಂದ ಕಣ್ಣಿಗೆ ದೃಷ್ಟಿಯಲ್ಲಿ ವ್ಯತ್ಯಾಸ ದಿನವೂ ಇರುತ್ತದೆ. ಆದ್ದರಿಂದ ‘ಎಲ್ಲವೂ ಹಳದಿ ಹಳದಿಯಾಗಿ ಕಂಡರೆ’ ಎಂದು ಬರೆದೆ. ವಾಕರಿಕೆಯನ್ನು ‘ಹೊಟ್ಟೆ ತೊಳೆಸಿದರೆ, ಊಟ ಸೇರದಿದ್ದರೆ’ ಎಂದು ಮಾಡಿದೆ. ಕೊನೆಗೆ ‘ವೈದ್ಯರಿಗೆ ತಿಳಿಸಿ’ ಎಂದು ಮುಗಿಸಿ, ಹಾಳೆಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ತೂಗುಹಾಕಿದೆ. ಕ್ಯಾಲೆಂಡರಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗಿನ ಪ್ರತಿ ದಿನಕ್ಕೂ ಅರ್ಧ ದುಂಡಿನ ಗುರುತು ಹಾಕಿಟ್ಟೆ. ಮಾತ್ರೆ ತೆಗೆದುಕೊಂಡ ಮೇಲೆ ಅದರ ಮೇಲೆ ಗೀಟು.

ನಾಲ್ಕು ವಾರದ ನಂತರ ಶುಕ್ರವಾರ ಅವ್ವನನ್ನು ಹಾಸನಕ್ಕೆ ಕರೆದುಕೊಂಡು ಬಂದಾಗ ಕ್ಯಾಲೆಂಡರನ್ನೂ ಉಳಿದ ಸ್ಟ್ರಿಪ್ಪುಗಳನ್ನೂ ಜೊತೆಗೆ ತಂದಿದ್ದೆವು. ಆ ಬೆಳಗಿನದೂ ಸೇರಿ ಇಪ್ಪತ್ತು ಅರ್ಧಗಳು ಮುಗಿದಿರಬೇಕಿತ್ತು. ಒಂದು ಅರ್ಧ ಉಳಿದಿತ್ತು. ಮೂರನೆಯ ವಾರದ ಮಂಗಳವಾರದ ಮೇಲೆ ಗೀಟಿರಲಿಲ್ಲ. ವೈದ್ಯರ ಎದುರಿಗೇ ಕೇಳಿದೆ.

‘ಅವತ್ತು ಹೊಟ್ಟೆ ತೊಳಸ್ತಿತ್ತು. ಅದ್ಕೆ ತಗಳ್ಲಿಲ್ಲ’ ಎಂದರು ಅವ್ವ.

‘ಹೇಳಬಾರದಿತ್ತೇನವ್ವ? ಹಾಳೆಯಲ್ಲಿ ಬರೆದಿದ್ದೆನಲ್ಲ?’

‘ವೈದ್ಯರಿಗೆ ತಿಳಿಸಿ ಅಂತ ನೀನೇ ಬರ್ದಿದ್ದೆ. ಈಗ ತಿಳಿಸ್ತಾ ಇದೀನಲ್ಲ, ಇವ್ರೇ ತಾನೇ ವೈದ್ಯರು?’

ವೈದ್ಯರು ನಕ್ಕರು, ಆದರೆ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಇ.ಸಿ.ಜಿ. ಮಾಡಿಸಿ, ಪೊಟ್ಯಾಸಿಯಂ ಮತ್ತು ಕ್ರಿಯೇಟಿನಿನ್‌ಗೆ ರಕ್ತ ಪರೀಕ್ಷೆ ಬರೆದರು. ಎಲ್ಲವೂ ಸರಿಯಿದೆಯೆಂದು ಸಂಜೆಯ ಹೊತ್ತಿಗೆ ತಿಳಿಯಿತು. ಹೊಸ ಚೀಟಿಯಲ್ಲಿ 5/7ರ ಬದಲು ವಾರಗಳ ಹೆಸರನ್ನೇ ಬರೆದುಕೊಡಿ ಎಂದು ಕೇಳಿದ್ದಕ್ಕೆ ಅವರು ‘ಸೋಮ–ಶುಕ್ರ’ ಎಂದು ಕನ್ನಡದಲ್ಲೇ ಬರೆದುಕೊಟ್ಟರು. ಊರಿಗೆ ಹೋದ ಮೇಲೆ ನಾನು ಹಾಳೆಯ ಕೊನೆಯ ಸಾಲನ್ನು ಹೊಡೆದುಹಾಕಿ, ‘ಅದೇ ದಿನ, ಮುಂದಿನ ಮಾತ್ರೆಗೆ ಮುಂಚೆ, ನನಗೆ ಫೋನ್ ಮಾಡುವುದು’ ಎಂದು ಬರೆದು, ಕೆಳಗೆ ನನ್ನ ನಂಬರನ್ನು ಒಂದೊಂದು ಅಂಕಿ ಹೆಬ್ಬೆರಳ ಗಾತ್ರದಲ್ಲಿ ಬರೆದಿಟ್ಟೆ.